ವೇವ್ ಆಧಾರಿತ ಪಿಕಿಂಗ್ ಶ್ರಮ ಯೋಜನೆ

ವೇವ್ ಆಧಾರಿತ ಪಿಕಿಂಗ್ ಶ್ರಮ ಯೋಜನೆ ಎಂಬುದು ಗೋದಾಮಿನಲ್ಲಿ ಸರಕನ್ನು ಆರ್ಡರಿಗೆ ಅನುಗುಣವಾಗಿ ಆಯ್ದು ತೆಗೆಯುವ ಕೆಲಸಕ್ಕೆ ಎಷ್ಟು ಮಾನವ ಗಂಟೆಗಳು ಮತ್ತು ಎಷ್ಟು ಜನ ಬೇಕಾಗುತ್ತಾರೆ ಎಂಬುದನ್ನು ಮುಂಚಿತವಾಗಿ ಲೆಕ್ಕಹಾಕುವ ವಿಧಾನವಾಗಿದೆ. ಪ್ರತಿ ವೇವ್‌ನಲ್ಲಿರುವ ಆರ್ಡರ್ ಸಾಲುಗಳ ಸಂಖ್ಯೆಯನ್ನು, ಒಬ್ಬ ಪಿಕ್ಕರ್ ಗಂಟೆಗೆ ಪೂರೈಸಬಹುದೆಂದು ನಿರೀಕ್ಷಿಸಲಾದ ಸಾಲುಗಳ ಸಂಖ್ಯೆಯಿಂದ ಭಾಗಿಸುವುದು ಇದರ ಮೂಲ ಸೂತ್ರ. ಸೂತ್ರವು ಸರಳವಾಗಿದ್ದರೂ ದರವನ್ನು ಹೇಗೆ ಅಳೆಯಲಾಗಿದೆ, ವೇವ್‌ನಲ್ಲಿ ಯಾವ ಬಗೆಯ ಸಾಲುಗಳಿವೆ ಮತ್ತು ವೇವ್ ಮುಗಿಯಲು ಎಷ್ಟು ಸಮಯವಿದೆ ಎಂಬ ಮೂರು ಅಂಶಗಳು ಉತ್ತರವನ್ನು ಗಣನೀಯವಾಗಿ ಬದಲಾಯಿಸುತ್ತವೆ.

## ಮೂಲ ಪದಗಳು

ಗ್ರಾಹಕ ಅಥವಾ ಅಂಗಡಿಯು ಕಳುಹಿಸುವ ಒಂದು ಆರ್ಡರ್‌ನಲ್ಲಿ ಪ್ರತಿಯೊಂದು ಬೇರೆ ವಸ್ತುವಿಗೂ ಒಂದೊಂದು ಸಾಲು ಇರುತ್ತದೆ. ಇದನ್ನು *ಆರ್ಡರ್ ಸಾಲು* ಎನ್ನುತ್ತಾರೆ. ಒಂದು ಅಂಗಡಿಯು ಆರು ಪ್ಯಾಕೆಟ್ ಉಪ್ಪು, ಎರಡು ಡಬ್ಬಿ ತುಪ್ಪ ಮತ್ತು ಹನ್ನೆರಡು ಸಾಬೂನು ಕೇಳಿದರೆ ಅದು ಮೂರು ಸಾಲುಗಳ, ಇಪ್ಪತ್ತು ಬಿಡಿ ವಸ್ತುಗಳ ಆರ್ಡರ್ ಆಗುತ್ತದೆ. ಪಿಕ್ಕರ್ ಒಂದು ಸಾಲಿಗಾಗಿ ಸಾಮಾನ್ಯವಾಗಿ ಒಂದು ಸ್ಥಳಕ್ಕೆ ಒಮ್ಮೆ ಹೋಗಬೇಕಾಗುತ್ತದೆ. ಆದ್ದರಿಂದ ಶ್ರಮವನ್ನು ಅಳೆಯಲು ಆರ್ಡರ್‌ಗಳ ಸಂಖ್ಯೆಗಿಂತಲೂ ವಸ್ತುಗಳ ಸಂಖ್ಯೆಗಿಂತಲೂ ಸಾಲುಗಳ ಸಂಖ್ಯೆ ಹೆಚ್ಚು ಸೂಕ್ತವಾದ ಮಾನದಂಡವಾಗಿದೆ.

*ವೇವ್* ಎಂದರೆ ಒಂದೇ ಸಮಯಕ್ಕೆ ಕೆಲಸಕ್ಕೆ ಬಿಡುಗಡೆ ಮಾಡಲಾಗುವ ಆರ್ಡರ್‌ಗಳ ಗುಂಪು. ಬಹುಮಟ್ಟಿಗೆ ಲಾರಿ ಹೊರಡುವ ಸಮಯ ಅಥವಾ ಸಾಗಣೆಯ ಮಾರ್ಗವನ್ನು ಆಧರಿಸಿ ಆರ್ಡರ್‌ಗಳನ್ನು ವೇವ್‌ಗಳಾಗಿ ವಿಂಗಡಿಸಲಾಗುತ್ತದೆ. ವೇವ್ ಬಿಡುಗಡೆಯಾದ ಕ್ಷಣದಿಂದ ಪಿಕಿಂಗ್ ಮುಗಿಯಲೇಬೇಕಾದ ಗಡುವಿನವರೆಗಿನ ಅವಧಿಯನ್ನು ವೇವ್‌ನ *ಕಾಲಾವಕಾಶ* ಎನ್ನಬಹುದು.

*ಪಿಕ್ ದರ* ಎಂದರೆ ಒಂದು ಮಾನವ ಗಂಟೆಯಲ್ಲಿ ಪೂರ್ಣಗೊಳ್ಳುವ ಸಾಲುಗಳ ಸಂಖ್ಯೆ. ಎಂಟು ಜನರು ಎರಡು ಗಂಟೆ ಕೆಲಸ ಮಾಡಿದರೆ ಅದು 16 ಮಾನವ ಗಂಟೆಗಳಾಗುತ್ತದೆ.

## ಸೂತ್ರ

ಲೆಕ್ಕಾಚಾರವು ಎರಡು ಹಂತಗಳಲ್ಲಿ ನಡೆಯುತ್ತದೆ.

```
ಮಾನವ ಗಂಟೆ = ಸಾಲುಗಳು ÷ ಪಿಕ್ ದರ
ಜನರ ಸಂಖ್ಯೆ = ಮಾನವ ಗಂಟೆ ÷ ಪರಿಣಾಮಕಾರಿ ಕಾಲಾವಕಾಶ
```

ಎರಡನೆಯ ಸಾಲಿನ *ಪರಿಣಾಮಕಾರಿ ಕಾಲಾವಕಾಶ* ಎಂಬುದು ಗಡಿಯಾರದ ಅವಧಿಯಲ್ಲ. ಪಾಳಿಯ ಆರಂಭದ ಸೂಚನಾ ಸಭೆ, ಸ್ಕ್ಯಾನರ್ ಪಡೆದು ಲಾಗಿನ್ ಆಗುವ ಸಮಯ ಮತ್ತು ವಿಶ್ರಾಂತಿಯ ಸಮಯವನ್ನು ಕಳೆದ ಮೇಲೆ ಉಳಿಯುವ ಅವಧಿ ಅದು. ಹೀಗೆ ಕಳೆಯಬೇಕಾದ ಸಮಯವನ್ನು ದರದಲ್ಲಾಗಲಿ ಕಾಲಾವಕಾಶದಲ್ಲಾಗಲಿ ಒಂದೇ ಕಡೆ ಸೇರಿಸಬೇಕು. ಎರಡೂ ಕಡೆ ಸೇರಿಸಿದರೆ ಅಗತ್ಯಕ್ಕಿಂತ ಹೆಚ್ಚು ಜನರನ್ನು ಕರೆಯಬೇಕಾಗುತ್ತದೆ. ಎರಡೂ ಕಡೆ ಬಿಟ್ಟರೆ ವೇವ್ ತಡವಾಗುತ್ತದೆ.

## ಪಿಕ್ ದರ ಹೇಗೆ ರೂಪುಗೊಳ್ಳುತ್ತದೆ

ಪಿಕ್ಕರ್‌ನ ಸಮಯದ ಬಹುಪಾಲು ವಸ್ತುವನ್ನು ಕೈಗೆತ್ತಿಕೊಳ್ಳುವುದರಲ್ಲಿ ಕಳೆಯುವುದಿಲ್ಲ. ಟಾಂಪ್ಕಿನ್ಸ್ ಮತ್ತು ಸಹಲೇಖಕರ *ಫೆಸಿಲಿಟೀಸ್ ಪ್ಲ್ಯಾನಿಂಗ್* ಎಂಬ ಪಠ್ಯಪುಸ್ತಕವು ನೀಡುವ, ಈ ಕ್ಷೇತ್ರದಲ್ಲಿ ವ್ಯಾಪಕವಾಗಿ ಉಲ್ಲೇಖಿಸಲ್ಪಡುವ ಹಂಚಿಕೆಯ ಪ್ರಕಾರ ಸಾಂಪ್ರದಾಯಿಕ ಗೋದಾಮಿನಲ್ಲಿ ಪಿಕ್ಕರ್‌ನ ಸಮಯದ ಸುಮಾರು 50% ನಡೆದಾಟಕ್ಕೆ, 20% ಹುಡುಕುವುದಕ್ಕೆ, 15% ವಸ್ತುವನ್ನು ತೆಗೆಯುವುದಕ್ಕೆ ಮತ್ತು 10% ಸಿದ್ಧತೆಗೆ ವ್ಯಯವಾಗುತ್ತದೆ. ಯಾವುದೇ ಒಂದು ಗೋದಾಮಿನ ನಿಜವಾದ ಹಂಚಿಕೆ ಇದಕ್ಕಿಂತ ಭಿನ್ನವಾಗಿರಬಹುದು. ಆದರೆ ಪಿಕ್ ದರವು ಕೈಯ ಚುರುಕಿಗಿಂತ ಹೆಚ್ಚಾಗಿ ಎರಡು ಸಾಲುಗಳ ನಡುವಿನ ದೂರವನ್ನು ಅವಲಂಬಿಸಿದೆ ಎಂಬುದನ್ನು ಇದು ಸೂಚಿಸುತ್ತದೆ.

ಬಿಡಿ ವಸ್ತುಗಳನ್ನು ತಳ್ಳುಗಾಡಿಯಲ್ಲಿ ಸಂಗ್ರಹಿಸುವ ಒಂದು ವಿಭಾಗವನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು. ಒಂದು ಸುತ್ತಿಗೆ ಗಾಡಿಯಲ್ಲಿ 40 ಸಾಲುಗಳು ಹಿಡಿಯುತ್ತವೆ. ಪ್ರತಿ ಸಾಲನ್ನು ಹುಡುಕಿ, ಸ್ಕ್ಯಾನ್ ಮಾಡಿ, ತೆಗೆದಿಡಲು 25 ಸೆಕೆಂಡು ಬೇಕು. ಅಂದರೆ ಒಟ್ಟು 1,000 ಸೆಕೆಂಡು. ರ್‍ಯಾಕ್‌ಗಳ ನಡುವಿನ ಓಣಿಗಳಲ್ಲಿ ನಡೆಯಲು 500 ಸೆಕೆಂಡು, ಖಾಲಿ ಗಾಡಿಯನ್ನು ಸಿದ್ಧಪಡಿಸಲು ಮತ್ತು ತುಂಬಿದ ಗಾಡಿಯನ್ನು ಪ್ಯಾಕಿಂಗ್ ಮೇಜಿಗೆ ಒಪ್ಪಿಸಲು 300 ಸೆಕೆಂಡು ಬೇಕು. ಒಟ್ಟು 1,800 ಸೆಕೆಂಡು, ಅಂದರೆ ಅರ್ಧ ಗಂಟೆಯಲ್ಲಿ 40 ಸಾಲುಗಳು. ದರವು ಗಂಟೆಗೆ 80 ಸಾಲುಗಳಾಗುತ್ತದೆ.

ಅದೇ ವಿಭಾಗದಲ್ಲಿ ಚಿಕ್ಕ ವೇವ್ ಬಂದು, ಪ್ರತಿ ಸುತ್ತಿಗೆ 20 ಸಾಲುಗಳು ಮಾತ್ರ ದೊರೆತರೆ ಏನಾಗುತ್ತದೆ? ತೆಗೆಯುವ ಸಮಯ ಅರ್ಧಕ್ಕಿಳಿದು 500 ಸೆಕೆಂಡು ಆಗುತ್ತದೆ. ಆದರೆ ನಡಿಗೆ ಅರ್ಧಕ್ಕಿಳಿಯುವುದಿಲ್ಲ. 20 ಸಾಲುಗಳೂ ಹೆಚ್ಚುಕಡಿಮೆ ಅಷ್ಟೇ ಓಣಿಗಳಲ್ಲಿ ಹರಡಿರುವುದರಿಂದ ನಡಿಗೆಗೆ 400 ಸೆಕೆಂಡು ಬೇಕಾಗುತ್ತದೆ. ಸಿದ್ಧತೆಯ 300 ಸೆಕೆಂಡು ಹಾಗೆಯೇ ಉಳಿಯುತ್ತದೆ. 20 ಸಾಲುಗಳಿಗೆ ಒಟ್ಟು 1,200 ಸೆಕೆಂಡು ಆಗಿ, ದರವು ಗಂಟೆಗೆ 60 ಸಾಲುಗಳಿಗೆ ಕುಸಿಯುತ್ತದೆ. ಜನರು ಅವರೇ, ಗೋದಾಮು ಅದೇ, ಯಾರೂ ನಿಧಾನವಾಗಿ ಕೆಲಸ ಮಾಡಿಲ್ಲ. ಆದರೂ ದರವು ಕಾಲುಭಾಗ ಇಳಿದಿದೆ. ಆದ್ದರಿಂದ ದೊಡ್ಡ ವೇವ್‌ನಲ್ಲಿ ಅಳೆದ ದರವನ್ನು ಚಿಕ್ಕ ವೇವ್‌ಗೆ ನೇರವಾಗಿ ಅನ್ವಯಿಸಲಾಗದು.

## ದರವನ್ನು ಅಳೆಯುವ ಕ್ರಮ

ಗೋದಾಮು ನಿರ್ವಹಣಾ ತಂತ್ರಾಂಶವು ಪ್ರತಿ ಸ್ಕ್ಯಾನ್‌ನ ಸಮಯವನ್ನು ದಾಖಲಿಸುತ್ತದೆ. ಈ ದಾಖಲೆಯಿಂದ ದರವನ್ನು ಪಡೆಯುವಾಗ ಎರಡು ತಪ್ಪುಗಳು ಸಾಮಾನ್ಯವಾಗಿ ಕಂಡುಬರುತ್ತವೆ.

ಮೊದಲನೆಯದು, ಮೊದಲ ಸ್ಕ್ಯಾನ್‌ನಿಂದ ಕೊನೆಯ ಸ್ಕ್ಯಾನ್‌ವರೆಗಿನ ಸಮಯವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಗಾಡಿ ಸಿದ್ಧಪಡಿಸುವ ಸಮಯ ಮೊದಲ ಸ್ಕ್ಯಾನ್‌ಗೆ ಮುನ್ನವೂ, ಗಾಡಿಯನ್ನು ಒಪ್ಪಿಸುವ ಸಮಯ ಕೊನೆಯ ಸ್ಕ್ಯಾನ್‌ನ ನಂತರವೂ ಬರುವುದರಿಂದ ಅವೆರಡೂ ದಾಖಲೆಯಿಂದ ಜಾರಿಹೋಗುತ್ತವೆ. ಮೇಲಿನ ಉದಾಹರಣೆಯಲ್ಲಿ 300 ಸೆಕೆಂಡುಗಳನ್ನು ಹೀಗೆ ಬಿಟ್ಟರೆ 40 ಸಾಲುಗಳಿಗೆ 1,500 ಸೆಕೆಂಡು ಆಗಿ, ದರವು 80ರ ಬದಲು 96 ಎಂದು ಕಾಣುತ್ತದೆ. ಒಂದು ಸುತ್ತಿನ ಆರಂಭದಿಂದ ಮುಂದಿನ ಸುತ್ತಿನ ಆರಂಭದವರೆಗೆ ಅಳೆಯುವುದು ಇದಕ್ಕೆ ಪರಿಹಾರ.

ಎರಡನೆಯದು, ಪ್ರತಿಯೊಬ್ಬ ಪಿಕ್ಕರ್‌ನ ದರವನ್ನು ಕೂಡಿಸಿ ಸರಾಸರಿ ತೆಗೆಯುವುದು. ಒಬ್ಬನು ಒಂದು ಗಂಟೆ ಮಾತ್ರ ದುಡಿದು 100 ಸಾಲು, ಇನ್ನೊಬ್ಬನು ನಾಲ್ಕು ಗಂಟೆ ದುಡಿದು 240 ಸಾಲು ಮುಗಿಸಿದರೆ ಇಬ್ಬರ ದರಗಳು 100 ಮತ್ತು 60. ಅವುಗಳ ಸರಾಸರಿ 80. ಆದರೆ ನಿಜವಾಗಿ ಐದು ಮಾನವ ಗಂಟೆಗಳಲ್ಲಿ 340 ಸಾಲುಗಳು ಮುಗಿದಿವೆ. ಹಾಗಾಗಿ ಯೋಜನೆಗೆ ಬಳಸಬೇಕಾದ ದರ 68. ಒಟ್ಟು ಸಾಲುಗಳನ್ನು ಒಟ್ಟು ಗಂಟೆಗಳಿಂದ ಭಾಗಿಸುವುದೇ ಸರಿಯಾದ ಕ್ರಮ.

## ಉದಾಹರಣೆ: ಮೂರು ವೇವ್‌ಗಳ ಒಂದು ದಿನ

ಬೆಂಗಳೂರಿನ ಹೊರವಲಯದ ನೆಲಮಂಗಲ ಮತ್ತು ಹೊಸಕೋಟೆ ಭಾಗಗಳಲ್ಲಿ ನಗರಕ್ಕೆ ಸರಕು ಪೂರೈಸುವ ಅನೇಕ ಗೋದಾಮುಗಳಿವೆ. ನಗರದಲ್ಲಿ ಭಾರಿ ಸರಕು ವಾಹನಗಳ ಸಂಚಾರಕ್ಕೆ ದಟ್ಟಣೆಯ ಸಮಯದಲ್ಲಿ ನಿರ್ಬಂಧವಿರುವುದರಿಂದ ಲಾರಿ ಹೊರಡುವ ಸಮಯವನ್ನು ಸುಲಭವಾಗಿ ಮುಂದೂಡಲಾಗದು. ಕಿರಾಣಿ ಅಂಗಡಿಗಳಿಗೆ ಸರಕು ಕಳುಹಿಸುವ ಇಂತಹ ಒಂದು ಗೋದಾಮನ್ನು ಕಲ್ಪಿಸಿಕೊಂಡು ಕೆಳಗಿನ ಲೆಕ್ಕವನ್ನು ಮಾಡಲಾಗಿದೆ. ಅಂಕಿಗಳು ವಿವರಣೆಗಾಗಿ ಮಾತ್ರ. ಈ ಗೋದಾಮಿನಲ್ಲಿ ಎರಡು ವಿಭಾಗಗಳಿವೆ. ಬಿಡಿ ವಸ್ತುಗಳ ವಿಭಾಗದಲ್ಲಿ ದರ ಗಂಟೆಗೆ 80 ಸಾಲು. ಪೂರ್ಣ ಪೆಟ್ಟಿಗೆಗಳ ವಿಭಾಗದಲ್ಲಿ ಭಾರ ಎತ್ತಬೇಕಿರುವುದರಿಂದ ದರ ಗಂಟೆಗೆ 40 ಸಾಲು.

| ವೇವ್ | ಅವಧಿ | ಬಿಡಿ ಸಾಲು | ಪೆಟ್ಟಿಗೆ ಸಾಲು | ಪರಿಣಾಮಕಾರಿ ಕಾಲಾವಕಾಶ |
|---|---|---|---|---|
| ಒಂದು | 6:00–9:00 | 1,600 | 800 | 2.5 ಗಂಟೆ |
| ಎರಡು | 10:00–12:30 | 800 | 400 | 2 ಗಂಟೆ |
| ಮೂರು | 13:30–15:15 | 240 | 360 | 1.5 ಗಂಟೆ |

### ಗಂಟೆಗಳ ಲೆಕ್ಕ

ಮೊದಲ ವೇವ್‌ಗೆ ಬಿಡಿ ವಿಭಾಗದಲ್ಲಿ 1,600 ÷ 80 = 20 ಮತ್ತು ಪೆಟ್ಟಿಗೆ ವಿಭಾಗದಲ್ಲಿ 800 ÷ 40 = 20, ಒಟ್ಟು 40 ಮಾನವ ಗಂಟೆಗಳು ಬೇಕು. ಎರಡನೆಯ ವೇವ್‌ಗೆ ಇದೇ ರೀತಿ 10 ಮತ್ತು 10, ಒಟ್ಟು 20 ಗಂಟೆಗಳು. ಮೂರನೆಯ ವೇವ್‌ಗೆ ಮೇಲ್ನೋಟಕ್ಕೆ 3 ಮತ್ತು 9, ಒಟ್ಟು 12 ಗಂಟೆಗಳು ಸಾಕೆನಿಸುತ್ತದೆ. ಆದರೆ ಮೂರನೆಯ ವೇವ್‌ನ ಬಿಡಿ ಸಾಲುಗಳು ಕಡಿಮೆಯಿದ್ದು, ಹಲವು ಮಾರ್ಗಗಳಿಗೆ ಬೇರೆಬೇರೆಯಾಗಿ ಗಾಡಿ ಕಟ್ಟಬೇಕಾದ್ದರಿಂದ ಸುತ್ತಿಗೆ 20 ಸಾಲುಗಳೇ ದೊರೆಯುತ್ತವೆ. ಆಗ ದರ 60 ಆಗುವುದರಿಂದ 240 ÷ 60 = 4 ಗಂಟೆ ಬೇಕು. ಪೆಟ್ಟಿಗೆ ವಿಭಾಗದಲ್ಲಿ ಕೆಲವೇ ಸಾಲುಗಳಿಗೆ ಪ್ಯಾಲೆಟ್ ತುಂಬಿಬಿಡುವುದರಿಂದ ವೇವ್ ಚಿಕ್ಕದಾದರೂ ಪ್ರತಿ ಸುತ್ತು ತುಂಬಿಯೇ ಇರುತ್ತದೆ, ದರ ಬದಲಾಗುವುದಿಲ್ಲ. ಹೀಗಾಗಿ ಮೂರನೆಯ ವೇವ್‌ಗೆ 13, ಇಡೀ ದಿನಕ್ಕೆ 73 ಮಾನವ ಗಂಟೆಗಳು ಬೇಕಾಗುತ್ತವೆ.

ವಿಭಾಗವಾರು ಲೆಕ್ಕದ ಬದಲು 80 ಮತ್ತು 40ರ ಸರಾಸರಿಯಾದ 60ನ್ನು ಎಲ್ಲ ಸಾಲುಗಳಿಗೂ ಅನ್ವಯಿಸಿದರೆ ದಿನದ 4,200 ಸಾಲುಗಳಿಗೆ 70 ಗಂಟೆಗಳು ಬರುತ್ತವೆ. 73ಕ್ಕೆ ಹೋಲಿಸಿದರೆ ಇದು ದೊಡ್ಡ ವ್ಯತ್ಯಾಸವೆನಿಸದು. ಆದರೆ ತಪ್ಪು ಎಲ್ಲ ವೇವ್‌ಗಳಲ್ಲಿ ಸಮನಾಗಿ ಹಂಚಿಕೆಯಾಗಿಲ್ಲ. ಮೊದಲ ಎರಡು ವೇವ್‌ಗಳ ಉತ್ತರ ಸರಿಯಾಗಿಯೇ ಬಂದು, ಕೊರತೆಯಾದ 3 ಗಂಟೆಗಳೆಲ್ಲವೂ ಮೂರನೆಯ ವೇವ್‌ನ ಮೇಲೆ ಬೀಳುತ್ತವೆ. 13 ಗಂಟೆ ಬೇಕಾದ ಕೆಲಸಕ್ಕೆ 10 ಗಂಟೆ ಮಾತ್ರ ಒದಗಿಸಿದಂತಾಗುತ್ತದೆ. ಪ್ರತಿದಿನ ಕೊನೆಯ ಲಾರಿಯೇ ತಡವಾಗುತ್ತಿದ್ದರೂ ದಿನದ ಒಟ್ಟು ವರದಿ ಸರಿಯಾಗಿಯೇ ಕಾಣುವ ಗೋದಾಮುಗಳಲ್ಲಿ ಇಂತಹ ಸರಾಸರಿ ಅಡಗಿರುವ ಸಾಧ್ಯತೆಯಿದೆ.

### ಜನರ ಲೆಕ್ಕ

ಪ್ರತಿ ವೇವ್‌ನ ಗಂಟೆಗಳನ್ನು ಆಯಾ ವೇವ್‌ನ ಕಾಲಾವಕಾಶದಿಂದ ಭಾಗಿಸಿ, ಪ್ರತಿ ವಿಭಾಗದಲ್ಲಿಯೂ ಮೇಲಿನ ಪೂರ್ಣಾಂಕಕ್ಕೆ ಏರಿಸಬೇಕು. ಮೊದಲ ವೇವ್‌ಗೆ ಪ್ರತಿ ವಿಭಾಗದಲ್ಲಿ 20 ÷ 2.5 = 8, ಒಟ್ಟು 16 ಜನ. ಎರಡನೆಯದಕ್ಕೆ 5 ಮತ್ತು 5, ಒಟ್ಟು 10 ಜನ. ಮೂರನೆಯದಕ್ಕೆ ಬಿಡಿ ವಿಭಾಗದಲ್ಲಿ 4 ÷ 1.5 = 2.67, ಅಂದರೆ 3 ಜನ. ಪೆಟ್ಟಿಗೆ ವಿಭಾಗದಲ್ಲಿ 9 ÷ 1.5 = 6 ಜನ; ಒಟ್ಟು 9 ಜನ.

ಇಲ್ಲಿ ದಿನದ ಒಟ್ಟು ಗಂಟೆಗಳನ್ನು ಮಾತ್ರ ನೋಡಿ ಜನರನ್ನು ನಿಗದಿಪಡಿಸುವುದರ ಅಪಾಯ ಸ್ಪಷ್ಟವಾಗುತ್ತದೆ. ಮೂರು ವೇವ್‌ಗಳ ಕಾಲಾವಕಾಶ ಸೇರಿ ಒಬ್ಬರಿಗೆ 6 ಗಂಟೆ. 73 ÷ 6 = 12.2, ಆದ್ದರಿಂದ 13 ಜನ ಸಾಕು ಎಂಬ ತೀರ್ಮಾನಕ್ಕೆ ಬರಬಹುದು. ಆದರೆ 13 ಜನರು ಎರಡೂ ವಿಭಾಗಗಳ ಕೆಲಸವನ್ನು ಸಮನಾಗಿ ಹಂಚಿಕೊಂಡರೂ ಮೊದಲ ವೇವ್‌ನ 40 ಗಂಟೆಗಳ ಕೆಲಸಕ್ಕೆ 3 ಗಂಟೆ 5 ನಿಮಿಷ ಹಿಡಿಯುತ್ತದೆ. ಪಿಕಿಂಗ್ 9:00ರ ಬದಲು 9:35ಕ್ಕೆ ಮುಗಿಯುತ್ತದೆ. ಪ್ಯಾಕಿಂಗ್ ಮತ್ತು ಲಾರಿಗೆ ತುಂಬುವ ಕೆಲಸಕ್ಕೆ ಒಂದೂವರೆ ಗಂಟೆ ಬೇಕೆಂದಾದರೆ 10:30ಕ್ಕೆ ಹೊರಡಬೇಕಾದ ಲಾರಿ 11:05ರವರೆಗೆ ನಿಲ್ಲಬೇಕಾಗುತ್ತದೆ. ಮಧ್ಯಾಹ್ನ ಜನರು ಬಿಡುವಾಗಿರುತ್ತಾರೆ ಎಂಬ ಸಂಗತಿ ಬೆಳಗಿನ ಲಾರಿಗೆ ಯಾವ ಪ್ರಯೋಜನವನ್ನೂ ನೀಡುವುದಿಲ್ಲ.

### ಏರಿಳಿತವನ್ನು ತಗ್ಗಿಸುವುದು

16 ಜನರನ್ನು ದಿನವಿಡೀ ಇರಿಸಿಕೊಂಡರೆ ಎರಡನೆಯ ವೇವ್‌ನ ಸಮಯದಲ್ಲಿ 6 ಜನರ 2 ಗಂಟೆ ಮತ್ತು ಮೂರನೆಯ ವೇವ್‌ನ ಸಮಯದಲ್ಲಿ 7 ಜನರ ಒಂದೂವರೆ ಗಂಟೆ, ಒಟ್ಟು 22.5 ಮಾನವ ಗಂಟೆಗಳು ಪಿಕಿಂಗ್‌ಗೆ ಬೇಕಾಗುವುದಿಲ್ಲ. ಈ ಗಂಟೆಗಳನ್ನು ಹೊಸದಾಗಿ ಬಂದ ಸರಕನ್ನು ರ್‍ಯಾಕ್‌ಗಳಲ್ಲಿ ಜೋಡಿಸುವುದು, ಖಾಲಿಯಾದ ಸ್ಥಳಗಳಿಗೆ ಸರಕು ತುಂಬುವುದು ಮತ್ತು ದಾಸ್ತಾನು ಎಣಿಕೆಯಂತಹ ಕೆಲಸಗಳಿಗೆ ಮೊದಲೇ ಹಂಚಲಾಗುತ್ತದೆ.

ಇನ್ನೊಂದು ಮಾರ್ಗವೆಂದರೆ ಮೊದಲ ವೇವ್‌ನ ಒಂದು ಭಾಗವನ್ನು ಹಿಂದಿನ ಸಂಜೆಯೇ ಬಿಡುಗಡೆ ಮಾಡುವುದು. 800 ಪೆಟ್ಟಿಗೆ ಸಾಲುಗಳಲ್ಲಿ 300 ಸಾಲುಗಳ ಆರ್ಡರ್ ಹಿಂದಿನ ದಿನವೇ ಖಚಿತವಾಗಿದ್ದರೆ 7.5 ಗಂಟೆಗಳ ಕೆಲಸವನ್ನು ಸಂಜೆ ಮುಗಿಸಬಹುದು. ಬೆಳಿಗ್ಗೆ ಉಳಿಯುವ 500 ಸಾಲುಗಳಿಗೆ 12.5 ಗಂಟೆ, ಅಂದರೆ 5 ಜನ ಸಾಕು. ಬಿಡಿ ವಿಭಾಗದ 8 ಜನರೂ ಸೇರಿ 13 ಜನರಿಂದ ಮೊದಲ ವೇವ್ ಗಡುವಿನೊಳಗೆ ಮುಗಿಯುತ್ತದೆ. ಒಟ್ಟು ಶ್ರಮದಲ್ಲಿ ಒಂದು ಗಂಟೆಯೂ ಉಳಿತಾಯವಾಗಿಲ್ಲ. ಗರಿಷ್ಠ ಅಗತ್ಯ ಮಾತ್ರ 16ರಿಂದ 13ಕ್ಕೆ ಇಳಿದಿದೆ. ಇದಕ್ಕೆ ರಾತ್ರಿಯಿಡೀ ಪೆಟ್ಟಿಗೆಗಳನ್ನು ಇರಿಸಲು ಲಾರಿ ತುಂಬುವ ಜಾಗದ ಬಳಿ ಸ್ಥಳವಿರಬೇಕು. ರಾತ್ರಿಯಲ್ಲಿ ಆರ್ಡರ್ ಬದಲಾದರೆ ಸರಕನ್ನು ಹಿಂದಿರುಗಿಸುವ ಹೆಚ್ಚುವರಿ ಕೆಲಸವೂ ಬರುತ್ತದೆ.

## ವೇವ್‌ನ ಮಧ್ಯದಲ್ಲಿ ಪರಿಶೀಲನೆ

ಯೋಜನೆ ಸರಿಯಾಗಿ ನಡೆಯುತ್ತಿದೆಯೇ ಎಂಬುದನ್ನು ವೇವ್ ಮುಗಿದ ಮೇಲೆ ತಿಳಿದರೆ ಪ್ರಯೋಜನವಿಲ್ಲ. ಮೇಲಿನ ಮೊದಲ ವೇವ್‌ನಲ್ಲಿ ಕೆಲಸ 6:15ಕ್ಕೆ ಆರಂಭವಾಗಿ 7:30ಕ್ಕೆ ವಿಶ್ರಾಂತಿ ಇದೆ ಎಂದುಕೊಂಡರೆ ಆ ಹೊತ್ತಿಗೆ ಕಾಲಾವಕಾಶದ ಅರ್ಧ, ಅಂದರೆ 1.25 ಗಂಟೆ ಕಳೆದಿರುತ್ತದೆ. ಬಿಡಿ ವಿಭಾಗದಲ್ಲಿ 800 ಸಾಲುಗಳು ಮುಗಿದಿರಬೇಕು. ಮುಗಿದಿರುವುದು 680 ಮಾತ್ರವಾಗಿದ್ದರೆ 8 ಜನರ 10 ಮಾನವ ಗಂಟೆಗಳಲ್ಲಿ ದೊರೆತ ದರ 68. ಉಳಿದ 920 ಸಾಲುಗಳಿಗೆ ಅದೇ ದರದಲ್ಲಿ ಸುಮಾರು 13.5 ಗಂಟೆ ಬೇಕು. ಇರುವುದು 10 ಗಂಟೆ. ಕೊರತೆಯಾದ 3.5 ಗಂಟೆಗಳನ್ನು 1.25ರಿಂದ ಭಾಗಿಸಿದರೆ 2.8 ಬರುತ್ತದೆ. 7:45ಕ್ಕೆ ಬೇರೆ ಕೆಲಸದಿಂದ 3 ಜನರನ್ನು ಕರೆತಂದರೆ ವೇವ್ ಸಮಯಕ್ಕೆ ಮುಗಿಯುತ್ತದೆ. ಇದೇ ಕೊರತೆಯನ್ನು 8:30ಕ್ಕೆ ಗುರುತಿಸಿದರೆ ಇದಕ್ಕಿಂತ ಎಷ್ಟೋ ಹೆಚ್ಚು ಜನರನ್ನು ತರಬೇಕಾಗುತ್ತದೆ.

ದರ ಇಳಿದಿರುವುದರ ಕಾರಣವನ್ನು ಸ್ಕ್ಯಾನ್‌ಗಳ ನಡುವಿನ ಅಂತರದಿಂದ ಬಹುಮಟ್ಟಿಗೆ ಗುರುತಿಸಬಹುದು.

* ಎಲ್ಲ ಪಿಕ್ಕರ್‌ಗಳಲ್ಲಿಯೂ ಅಂತರವು ಸ್ವಲ್ಪ ಸ್ವಲ್ಪವೇ ಹೆಚ್ಚಿದ್ದರೆ ಪ್ರತಿ ಸಾಲಿನ ವಸ್ತುಗಳ ಸಂಖ್ಯೆ ಏರಿರಬಹುದು. ರಿಯಾಯಿತಿ ಮಾರಾಟದ ದಿನಗಳಲ್ಲಿ ಅಂಗಡಿಗಳು ಎರಡರ ಬದಲು ಆರು ಪ್ಯಾಕೆಟ್ ಕೇಳಿದಾಗ ಸಾಲುಗಳ ಸಂಖ್ಯೆ ಬದಲಾಗದೆ ಕೆಲಸ ಮಾತ್ರ ಹೆಚ್ಚುತ್ತದೆ. ಆದ್ದರಿಂದ ದರದ ಜೊತೆಗೆ ಸಾಲಿಗೆ ಎಷ್ಟು ವಸ್ತು ಎಂಬ ಅಂಕಿಯನ್ನೂ ದಾಖಲಿಸಬೇಕಾಗುತ್ತದೆ.
* ಕೆಲವು ನಿರ್ದಿಷ್ಟ ಸ್ಥಳಗಳಲ್ಲಿ ಮಾತ್ರ ದೀರ್ಘ ಅಂತರ ಕಂಡುಬಂದರೆ ಅಲ್ಲಿ ಸರಕು ಖಾಲಿಯಾಗಿ, ಮೇಲಿನ ರ್‍ಯಾಕ್‌ನಿಂದ ಇಳಿಸುವವರೆಗೆ ಪಿಕ್ಕರ್ ಕಾಯುತ್ತಿದ್ದಾನೆ ಎಂದರ್ಥ. ಇಂತಹ ಕಡೆ ಪಿಕ್ಕರ್‌ಗಳ ಸಂಖ್ಯೆ ಹೆಚ್ಚಿಸಿದರೆ ಕಾಯುವವರ ಸಂಖ್ಯೆ ಹೆಚ್ಚುತ್ತದೆ, ಅಷ್ಟೆ.
* ಒಂದೇ ಓಣಿಯಲ್ಲಿ ಒಂದೇ ಸಮಯಕ್ಕೆ ಹಲವರ ಅಂತರ ಹೆಚ್ಚಿದ್ದರೆ ಗಾಡಿಗಳ ದಟ್ಟಣೆಯೇ ಕಾರಣವಾಗಿರುತ್ತದೆ.

## ಮಿತಿಗಳು

ಜನರನ್ನು ದ್ವಿಗುಣಗೊಳಿಸಿದರೆ ಸಮಯ ಅರ್ಧಕ್ಕಿಳಿಯುತ್ತದೆ ಎಂಬುದು ಸೂತ್ರದಲ್ಲಿ ಅಡಗಿರುವ ಊಹೆ. ಎರಡು ಗಾಡಿಗಳು ಒಂದನ್ನೊಂದು ದಾಟಲಾಗದಷ್ಟು ಕಿರಿದಾದ ಓಣಿಗಳಲ್ಲಿ ಒಂದು ಹಂತದ ನಂತರ ಹೊಸದಾಗಿ ಸೇರಿದ ವ್ಯಕ್ತಿಯು ಉಳಿದವರ ದರವನ್ನೂ ಇಳಿಸುತ್ತಾನೆ. ವೇವ್‌ನ ಕೊನೆಯ ನಿಮಿಷಗಳಲ್ಲಿಯೂ ಸೂತ್ರ ಸಡಿಲವಾಗುತ್ತದೆ. ಎಲ್ಲರ ಗಾಡಿಗಳೂ ಒಂದೇ ಕ್ಷಣದಲ್ಲಿ ಮುಗಿಯುವುದಿಲ್ಲ. ಕೆಲವರು ಕೊನೆಯ ಸುತ್ತಿನಲ್ಲಿರುವಾಗ ಇತರರು ಬಿಡುವಾಗಿರುತ್ತಾರೆ. ಸುತ್ತು ಅರ್ಧ ಗಂಟೆಯದಾಗಿದ್ದು ಕಾಲಾವಕಾಶ ಒಂದೂವರೆ ಗಂಟೆಯಾಗಿದ್ದರೆ ಈ ನಷ್ಟ ದೊಡ್ಡದಾಗಿಯೇ ಕಾಣುತ್ತದೆ. ಮುಂದಿನ ವೇವ್‌ನ ಕೆಲವು ಆರ್ಡರ್‌ಗಳನ್ನು ಮೊದಲೇ ಬಿಡುಗಡೆ ಮಾಡುವುದರಿಂದ ಇದನ್ನು ತುಂಬಿಕೊಳ್ಳಬಹುದು. ಹೊಸ ಕೆಲಸಗಾರರು ಸ್ಥಳಗಳ ಪರಿಚಯವಾಗುವವರೆಗೆ ಅನುಭವಿಗಳ ದರವನ್ನು ತಲುಪುವುದಿಲ್ಲವಾದ್ದರಿಂದ ಹಬ್ಬದ ಸಮಯದಲ್ಲಿ ತಾತ್ಕಾಲಿಕವಾಗಿ ಬಂದವರಿಗೆ ಪ್ರತ್ಯೇಕ ದರವನ್ನು ಬಳಸಲಾಗುತ್ತದೆ.

## ಯೋಜನೆಯ ದರ ಮತ್ತು ಗುರಿ

ನಿರೀಕ್ಷಿತ ದರ ಎಂಬುದು ಒಂದು ಗುಂಪು ಸಾಮಾನ್ಯ ಪರಿಸ್ಥಿತಿಯಲ್ಲಿ ಎಷ್ಟು ಕೆಲಸ ಮುಗಿಸುತ್ತದೆ ಎಂಬುದರ ಅಂದಾಜು. ಇದನ್ನೇ ಪ್ರತಿಯೊಬ್ಬ ವ್ಯಕ್ತಿಯೂ ಪ್ರತಿ ಗಂಟೆ ಮುಟ್ಟಬೇಕಾದ ಗುರಿಯೆಂದು ವಿಧಿಸಿದಾಗ ಅದರ ಸ್ವರೂಪವೇ ಬದಲಾಗುತ್ತದೆ. ಸರಾಸರಿಯೆಂದರೆ ಕೆಲವರು ಅದಕ್ಕಿಂತ ಮೇಲೆ, ಕೆಲವರು ಕೆಳಗೆ ಇರುವುದು ಸಹಜ. ಮೇಲಾಗಿ, ಚಿಕ್ಕ ವೇವ್‌ನ ಉದಾಹರಣೆ ತೋರಿಸುವಂತೆ ದರದ ಇಳಿತಕ್ಕೆ ಕೆಲಸಗಾರನು ಕಾರಣನಾಗಿರಬೇಕೆಂದಿಲ್ಲ. 60ರ ದರ ಮಾತ್ರ ಸಾಧ್ಯವಿರುವ ವೇವ್‌ನಲ್ಲಿ 80ನ್ನು ನಿರೀಕ್ಷಿಸಿದರೆ ಕೊರತೆಯನ್ನು ವಿಶ್ರಾಂತಿಯ ಸಮಯದಿಂದ ಅಥವಾ ಅಸುರಕ್ಷಿತ ಅವಸರದಿಂದ ತುಂಬಬೇಕಾಗುತ್ತದೆ.

ಈ ವಿಷಯವು ಕಾನೂನಿನ ವ್ಯಾಪ್ತಿಗೂ ಬಂದಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2022ರ ಜನವರಿ 1ರಿಂದ ಜಾರಿಯಲ್ಲಿರುವ ಎಬಿ 701 ಎಂಬ ಕಾಯಿದೆಯ ಪ್ರಕಾರ ದೊಡ್ಡ ಗೋದಾಮುಗಳ ಮಾಲೀಕರು ಕೆಲಸಗಾರರಿಗೆ ಅನ್ವಯವಾಗುವ ಕೆಲಸದ ಪ್ರಮಾಣವನ್ನು ಲಿಖಿತವಾಗಿ ತಿಳಿಸಬೇಕು. ಊಟ ಮತ್ತು ವಿಶ್ರಾಂತಿಯ ಬಿಡುವು, ಶೌಚಾಲಯದ ಬಳಕೆ ಅಥವಾ ಸುರಕ್ಷತಾ ನಿಯಮಗಳ ಪಾಲನೆಗೆ ಅಡ್ಡಿಯಾಗುವಂತಹ ಪ್ರಮಾಣವನ್ನು ವಿಧಿಸುವುದನ್ನು ಈ ಕಾಯಿದೆ ನಿಷೇಧಿಸುತ್ತದೆ. ಯೋಜನೆಯ ದೃಷ್ಟಿಯಿಂದ ಇದರರ್ಥ, ಈ ಬಿಡುವುಗಳು ಪರಿಣಾಮಕಾರಿ ಕಾಲಾವಕಾಶದಿಂದ ಮೊದಲೇ ಕಳೆಯಲ್ಪಟ್ಟಿರಬೇಕು ಎಂಬುದಾಗಿದೆ.

## ಇವನ್ನೂ ನೋಡಿ

* ಗೋದಾಮು
* ದಾಸ್ತಾನು ನಿರ್ವಹಣೆ
* ಸರಬರಾಜು ಸರಪಳಿ
* ಕಾರ್ಯ ಅಧ್ಯಯನ